ಪದಚರ್ಚೆ: ‘ಮರ್ಜ್ ಬಯಾಸ್’ಗೆ ‘ವಿಲೀನ ಪಕ್ಷಪಾತ’ ಸರಿಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಟ್ಟಡ ಕೆಲಸದ ಸೂಪರ್‌ವೈಸರ್‌ಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅತಿ ಹೆಚ್ಚು ದಿನ ಹಿಡಿಯುವ ಕೆಲಸಗಳ ಸಾಲಿಗೆ ‘ಕ್ರಿಟಿಕಲ್ ಪಾತ್’ ಅನ್ನು ಹಾಗೇ ಉಳಿಸಿಕೊಂಡೆ, ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಇದೆ. ತೊಡಕಾಗಿರುವುದು ವೇಳಾಪಟ್ಟಿಯ ಲೆಕ್ಕದಲ್ಲಿ ಬರುವ ‘ಮರ್ಜ್ ಬಯಾಸ್’. ‘ವಿಲೀನ ಪಕ್ಷಪಾತ’ ಅಂದರೆ ಬ್ಯಾಂಕುಗಳ ವಿಲೀನ ನೆನಪಾಗುತ್ತದೆ, ಅಲ್ವಾ?

ಕೈಪಿಡಿಯ ಉದಾಹರಣೆ ಹೀಗಿದೆ. ಒಂದು ಹಾಸ್ಟೆಲ್ ಕಟ್ಟಡದ ಕೊನೆಯ ಪರೀಕ್ಷೆ ಶುರುವಾಗಬೇಕಾದರೆ ಮೂರು ಸಾಲು ಕೆಲಸ ಮುಗಿದಿರಬೇಕು. ಲಿಫ್ಟಿಗೆ 60 ದಿನ, ಟ್ರಾನ್ಸ್‌ಫಾರ್ಮರಿಗೆ 58, ಬೆಂಕಿ ನಂದಿಸುವ ಪಂಪು ಮತ್ತು ಪೈಪಿಗೆ 57. ಪ್ರತಿಯೊಂದೂ 5 ದಿನ ಹೆಚ್ಚು ಕಡಿಮೆ ಆಗಬಹುದು. 60 ದಿನದಲ್ಲಿ ಪರೀಕ್ಷೆ ಶುರುವಾಗುವ ಸಾಧ್ಯತೆ ಕಾಲು ಭಾಗಕ್ಕಿಂತ ಕಡಿಮೆ ಎಂದು ಮೂಲದಲ್ಲಿದೆ. ಇಲ್ಲಿ ‘ಬಯಾಸ್’ ಅಂದರೆ ಯಾವುದು?

ಉತ್ತರ: ಸೈಟ್ ಎಂಜಿನಿಯರ್ ಒಬ್ಬರಿಂದ

ಕ್ರಿಟಿಕಲ್ ಆಗಿರುವುದು ಲಿಫ್ಟ್ ಮಾತ್ರ. ಉಳಿದ ಎರಡಕ್ಕೆ 2 ದಿನ, 3 ದಿನ ಫ್ಲೋಟ್ ಇದೆ, ಅಂದರೆ ಅಷ್ಟು ದಿನ ತಡವಾದರೂ ನಡೆಯುತ್ತದೆ. ಸ್ವಲ್ಪ ತಡವಾದರೆ ಫ್ಲೋಟೇ ಅದನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಸಾಧ್ಯತೆ ಅರ್ಧಕ್ಕರ್ಧ ಇರಬೇಕು, ಕಾಲು ಭಾಗ ಅಲ್ಲ. ಮೂರೂ ಕೂಡುವ ಕಡೆ ಕೊನೆಗೆ ಬಂದದ್ದಕ್ಕೆ ಕಾಯಬೇಕು ಅನ್ನುವುದೇನೋ ನಿಜ. ಪದ ಬೇಕಾದರೆ ‘ಕೂಡುತಡ’ ಅನ್ನಿ.

ಉತ್ತರ: ಇನ್ನೊಬ್ಬ ಸದಸ್ಯರಿಂದ

ಎರಡು ವೇಳಾಪಟ್ಟಿಗಳನ್ನು ಒಂದು ಮಾಡುವುದಕ್ಕೆ ‘ಜೋಡಣೆ’ ಸಾಕಲ್ಲವೇ? ನಮ್ಮ ಮನೆ ಕಟ್ಟುವಾಗ ಬಡಗಿ, ಎಲೆಕ್ಟ್ರಿಷಿಯನ್, ಟೈಲ್ಸ್‌ನವರು ಮೂವರೂ ತಡ ಮಾಡಿ ಗೃಹಪ್ರವೇಶ ಮುಂದೆ ಹೋಯಿತು. ಮೂವರದ್ದೂ ಒಂದೇ ಕಾರಣ: ಬಿಡದೆ ಸುರಿದ ಮಳೆ.

ಉತ್ತರ: ಪ್ಲಾನಿಂಗ್ ಕೆಲಸದಲ್ಲಿರುವ ಸದಸ್ಯೆಯಿಂದ

ಇದು ಎರಡು ವೇಳಾಪಟ್ಟಿ ಸೇರಿಸುವ ಮಾತಲ್ಲ. ಒಂದೇ ನೆಟ್‌ವರ್ಕಿನ ಹಲವು ಸಾಲುಗಳು ಬಂದು ಕೂಡುವ ಜಾಗದ ಮಾತು. ಆದರೆ ನಿಮ್ಮ ಮಳೆಯ ವಿಷಯ ತುಂಬಾ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಫ್ಲೋಟ್. 5 ದಿನ ಓಲಾಡುವ ಸಾಲಿಗೆ 2 ದಿನದ ಫ್ಲೋಟ್ ಏನೇನೂ ಸಾಲದು. ಆ 5 ದಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದು ಹಿಡಿದರೆ, 60ನೇ ದಿನದೊಳಗೆ ಲಿಫ್ಟ್ ಮುಗಿಯುವ ಸಾಧ್ಯತೆ 50%, ಟ್ರಾನ್ಸ್‌ಫಾರ್ಮರ್ ಸುಮಾರು 65%, ಪಂಪು ಸುಮಾರು 73%. ಮೂರೂ ಮುಗಿದಿರಬೇಕಲ್ಲ, ಅದಕ್ಕೇ ಗುಣಿಸಬೇಕು. ಬರುವುದು ಸುಮಾರು 24%.

ಇನ್ನು ‘ಬಯಾಸ್’. ಒಂದು ಸಾಲು 10 ದಿನಕ್ಕೋ 14 ದಿನಕ್ಕೋ ಮುಗಿಯುತ್ತದೆ, ಎರಡಕ್ಕೂ ಸಮಾನ ಸಾಧ್ಯತೆ ಎಂದುಕೊಳ್ಳಿ. ಸರಾಸರಿ 12. ಇಂಥದ್ದೇ ಎರಡು ಸಾಲು ಒಂದು ಕಡೆ ಕೂಡಿದರೆ? ನಾಲ್ಕರಲ್ಲಿ ಒಂದು ಸಲ ಮಾತ್ರ ಎರಡೂ 10ಕ್ಕೆ ಮುಗಿಯುತ್ತವೆ, ಉಳಿದ ಮೂರು ಸಲ 14. ಸರಾಸರಿ 13 ಆಯಿತು. ಮೂರು ಸಾಲಾದರೆ 13.5. ಯಾರೂ ಕೆಲಸ ನಿಧಾನ ಮಾಡಿಲ್ಲ. ಒಂದು ಸಾಲು ಬೇಗ ಮುಗಿದ ಲಾಭ ಕೂಡುವ ಜಾಗದಲ್ಲಿ ಸುಮ್ನೆ ಹೋಗಿಬಿಡುತ್ತದೆ, ತಡ ಮಾತ್ರ ಮುಂದಕ್ಕೆ ದಾಟುತ್ತದೆ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೋಲಾರಿಸ್ ಕ್ಷಿಪಣಿ ಯೋಜನೆಯಲ್ಲಿ ಹುಟ್ಟಿದ ಪರ್ಟ್ ಎಂಬ ವೇಳಾಪಟ್ಟಿ ಲೆಕ್ಕ ಅತಿ ಉದ್ದದ ಒಂದು ಸಾಲನ್ನಷ್ಟೇ ನೋಡುತ್ತದೆ, ಹಾಗಾಗಿ 12 ಎಂದೇ ಹೇಳುತ್ತದೆ. ಆ ತಪ್ಪು ಯಾವಾಗಲೂ ಒಂದೇ ಕಡೆಗೆ. ‘ಕೂಡುತಡ’ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ತಡ ಆಗುವುದು ಕೆಲಸದಲ್ಲಿ, ವಾಲಿರುವುದು ನಮ್ಮ ಅಂದಾಜು. ನಾನಾದರೆ ‘ಕೂಡುವಲ್ಲಿನ ವಾಲಿಕೆ’ ಎನ್ನುತ್ತೇನೆ.

ಕೈಪಿಡಿಯಲ್ಲಿ ಇದನ್ನೂ ದಯವಿಟ್ಟು ಸೇರಿಸಿ. ಫ್ಲೋಟ್ ಕಡಿಮೆ ಇರುವ ಕೆಲಸಗಳ ಪಟ್ಟಿ ತೆಗೆದು ನೋಡಿದರೆ ಈ ಅಪಾಯ ಕಾಣುವುದಿಲ್ಲ. ಕೂಡುವ ಜಾಗದಿಂದ ಹಿಂದಕ್ಕೆ ನಡೆದು, ಬಂದು ಸೇರುವ ಪ್ರತಿ ಸಾಲಿನ ಫ್ಲೋಟ್ ಎಷ್ಟು, ಓಲಾಟ ಎಷ್ಟು ಎಂದು ಜೊತೆಗಿಟ್ಟು ನೋಡಬೇಕು. 6 ದಿನ ಫ್ಲೋಟ್ ಇದ್ದು 10 ದಿನ ಓಲಾಡುವ ಸಾಲು, 3 ದಿನ ಫ್ಲೋಟಿನ ಆ ಪಂಪಿನಷ್ಟೇ ಅಪಾಯದ್ದು. ಪಟ್ಟಿಯಲ್ಲಿ ಮಾತ್ರ ಅದು ಎಲ್ಲೋ ಕೆಳಗಿರುತ್ತದೆ.

ಈಗ ಮಳೆ. ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರುಪೇರಾದರೆ ಮಾತ್ರ ಗುಣಿಸಬಹುದು. ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ತಡ, ಒಟ್ಟಿಗೆ ಬೇಗ ಆಗುವುದಾದರೆ 12 ದಿನ 12 ಆಗಿಯೇ ಉಳಿಯುತ್ತದೆ, ವಾಲಿಕೆ ಇಲ್ಲ. ಮೂರು ಸಾಲಿಗೂ ಒಬ್ಬನೇ ಗುತ್ತಿಗೆದಾರ ಇದ್ದರೂ ಹೆಚ್ಚುಕಡಿಮೆ ಹೀಗೇ. ಆಗ 24% ಎನ್ನುವುದು ಇರುವುದಕ್ಕಿಂತ ಜಾಸ್ತಿ ಹೆದರಿಸಿದಂತೆ.

ಉತ್ತರ: ಸೈಟ್ ಎಂಜಿನಿಯರ್

ಗುಣಾಕಾರ ಒಪ್ಪಿದೆ ಮೇಡಂ, ಫ್ಲೋಟಿನ ಮಾತೂ ಸರಿ. ಆದರೆ ನಮ್ಮ ಹುಡುಗರಿಗೆ ‘ವಾಲಿಕೆ’ ಅಂದರೆ ಗೋಡೆ ವಾಲಿದ್ದು. ಸೈಟಿನಲ್ಲಿ ಆ ಪದ ಕೇಳಿದರೆ ತೂಕದ ಗುಂಡು ಹಿಡಿದು ಓಡುತ್ತಾರೆ.

ಪ್ರಶ್ನೆ ಕೇಳಿದವರಿಂದ

ಹಾಸ್ಟೆಲ್ ಉದಾಹರಣೆಯಲ್ಲಿ ಲಿಫ್ಟಿನವರು, ಟ್ರಾನ್ಸ್‌ಫಾರ್ಮರಿನವರು, ಪಂಪಿನವರು ಬೇರೆ ಬೇರೆ. ಆದ್ದರಿಂದ 24% ಹಾಗೇ ಇಟ್ಟು, ಮಳೆಯ ಮಾತನ್ನು ಅದರ ಕೆಳಗೇ ಸೇರಿಸುತ್ತೇನೆ. ‘ಪಕ್ಷಪಾತ’ವನ್ನಂತೂ ತೆಗೆದುಹಾಕಿದೆ. ‘ಅಂದಾಜಿನ ವಾಲಿಕೆ’ ಎಂದು ಬಿಡಿಸಿ ಬರೆದರೆ ಗೋಡೆಯ ಗೊಂದಲ ತಪ್ಪೀತೇ? ‘ಓರೆ’ ಎಂಬ ಪದವನ್ನು ಯಾರಾದರೂ ಈ ಅರ್ಥದಲ್ಲಿ ಬಳಸಿದ್ದರೆ ತಿಳಿಸಿ.