ಮೆಟ್ಟಿಲಿನ ಲೈಟ್ ಟೈಮರ್ ಆಫ್ ಆಗ್ತಾ ಇಲ್ಲ, ಸಹಾಯ ಬೇಕು

ನಮಸ್ಕಾರ, ಕಾಸರಗೋಡಿನಲ್ಲಿ ನಮ್ಮದು ನಾಲ್ಕು ಮಾಳಿಗೆಯ ಫ್ಲ್ಯಾಟ್. ಮೆಟ್ಟಿಲಿನ ಲೈಟ್ ರಾತ್ರಿಯಿಡೀ ಉರೀತದೆ ಅಂತ ಸ್ಟೇರ್‌ಕೇಸ್ ಟೈಮರ್ ಹಾಕಿಸಿದೆವು, 3 ನಿಮಿಷಕ್ಕೆ ಸೆಟ್ ಮಾಡಿ ಉಂಟು. ಒಟ್ಟು 5 ಪುಶ್ ಬಟನ್, ಎಲ್ಲಾ ಪ್ಯಾರಲಲ್, ಒಂದು ತುದಿ ಫೇಸಿಗೆ, ಇನ್ನೊಂದು ಟೈಮರಿನ ಬಟನ್ ಟರ್ಮಿನಲ್‌ಗೆ. ಕತ್ತಲಲ್ಲಿ ಕಾಣ್ಲಿ ಅಂತ ಒಳಗೆ ಸಣ್ಣ ನಿಯಾನ್ ಇರುವ ಬಟನ್ನೇ ತಂದದ್ದು, ವಯಸ್ಸಾದವರು ಹತ್ತಿ ಇಳೀತಾರಲ್ಲ.

ಈಗ ಲೈಟ್ ಆಫೇ ಆಗುದಿಲ್ಲ. ಯಾವುದೋ ಬಟನ್ ಅಂಟಿಕೊಂಡಿದೆ ಅಂತ ಎಂಸಿಬಿ ಇಳಿಸಿ ಎಲ್ಲಾ ಬಿಚ್ಚಿ ನೋಡಿದೆವು, ಸರಿ ಉಂಟು. ಮತ್ತೆ ಒಂದೊಂದೇ ಸೇರಿಸಿದಾಗ 2 ಬಟನ್ ತನಕ ಸರಿಯಾಗಿ ಆಫ್ ಆಗ್ತದೆ, ಮೂರನೆಯದ್ದು ಸೇರಿಸಿದ್ರೆ ಉರೀತಲೇ ಇರ್ತದೆ, ನಿಯಾನ್ ಕಿತ್ತರೆ ಐದೂ ಸರಿ. ನಿಯಾನ್ ಮೂಲಕ ಹೋಗುವ ಸಣ್ಣ ಕರೆಂಟನ್ನೇ ಟೈಮರ್ ಬಟನ್ ಒತ್ತಿದ ಹಾಗೆ ತಿಳ್ಕೊಳ್ತದಾ? ಹಾಗಾದ್ರೆ ನಿಯಾನ್ ಉಳಿಸಿಕೊಳ್ಳಲಿಕ್ಕೆ ಟೈಮರೇ ಬದಲಿಸ್ಬೇಕಾ, ಇಲ್ಲಾ ನಡುವೆ ರಿಲೇ ಹಾಕಿದ್ರೆ ಸಾಕಾ?