ಸಹಾಯ ಬೇಕು: ಸ್ವಯಾರ್ಜಿತ ಸೈಟು ಕುಟುಂಬದ ಸ್ವತ್ತಾಯ್ತಾ?

ತಂದೆ ಸ್ವಂತ ಸಂಬಳದಲ್ಲಿ ಕೊಂಡ ಸೈಟನ್ನು ಕಿರಿಯ ಮಗನಿಗೆ ವಿಲ್ ಬರೆದು 2019ರಲ್ಲಿ ತೀರಿಕೊಂಡಿದ್ದಾರೆ. ತಾಯಿ ಮೊದಲೇ ಇಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಸ್ವಯಾರ್ಜಿತವಾದರೆ ಪೂರ್ತಿ ಸೈಟು ಕಿರಿಯನದು. ಒಟ್ಟು ಕುಟುಂಬಕ್ಕೆ ಸೇರಿಸಿದ್ದರೆ ವಿಲ್ ನಡೆಯುವುದು ತಂದೆಯ ಕಾಲು ಪಾಲಿಗಷ್ಟೇ. ಆಗ ಕಿರಿಯನಿಗೆ ಅರ್ಧ, ಉಳಿದಿಬ್ಬರಿಗೆ ಕಾಲು ಕಾಲು.

ಸೈಟಿನಿಂದ ಬರುವ ಬಾಡಿಗೆ ಮನೆಖರ್ಚಿಗೆ ಹೋಗುತ್ತಿತ್ತು. ಅದೊಂದೇ ಸಾಲದು, ಧಾರಾಳತನವೂ ಇರಬಹುದು. ಹಕ್ಕು ಬಿಟ್ಟುಕೊಡುವ ಸ್ಪಷ್ಟ ಉದ್ದೇಶ ಕಾಣಬೇಕು ಅಂತ ಗೊತ್ತು. ಹಳೇ ದಾಖಲೆ ಹುಡುಕಿದಾಗ 2011ರ ಪಾಲುಪಟ್ಟಿ ಸಿಕ್ಕಿದೆ. ಅದರಲ್ಲಿ ಈ ಸೈಟನ್ನು "ಒಟ್ಟು ಕುಟುಂಬದ ಸ್ವತ್ತು" ಎಂದು ಬರೆದು ತಂದೆಯೇ ಸಹಿ ಹಾಕಿದ್ದಾರೆ, ಆದರೆ ನೋಂದಣಿಯಾಗಿಲ್ಲ, ಪಾಲೂ ಆಗಿಲ್ಲ.

ವಿಭಾಗವನ್ನು ಸಾಬೀತುಪಡಿಸಲು ಅಲ್ಲ, ತಂದೆಯ ಉದ್ದೇಶ ತೋರಿಸಲು ಮಾತ್ರ ಈ ಪಟ್ಟಿಯನ್ನು ಕೋರ್ಟಿನಲ್ಲಿ ಹಾಜರುಪಡಿಸಬಹುದಾ? ಮುದ್ರಾಂಕ ಶುಲ್ಕದ ಕೊರತೆಯ ತಕರಾರು ಬಂದರೆ ಏನು ಮಾಡಬೇಕು?