ಕೆರೆ ವರದಿ: ನಾಲ್ಕನೇ ಅಧ್ಯಾಯ ದಾಟಿದ ಮೇಲೆ ಚಾಟ್‌ಬಾಟ್ ಅಂಕಿ, ಹೆಸರು ಎಲ್ಲ ಬದಲಿಸುತ್ತಿದೆ

ಕೆರೆದಂಡೆ

ನಮಸ್ಕಾರ. ನಾವು ಕೆಲವರು ಸೇರಿ ನಮ್ಮ ಹೋಬಳಿಯ 9 ಕೆರೆಗಳ ಸಮೀಕ್ಷೆ ಮಾಡಿದ್ದೇವೆ. ಏರಿ, ತೂಬು, ಕೋಡಿ, ಹೂಳು, ಒತ್ತುವರಿ, ಅಚ್ಚುಕಟ್ಟು, ಎಲ್ಲದರ ಟಿಪ್ಪಣಿ ಇದೆ. ಇದನ್ನು ಸುಮಾರು 40 ಪುಟದ ವರದಿ ಮಾಡಿ ಪಂಚಾಯಿತಿಗೆ ಕೊಡಬೇಕು.

ಮೊದಲು ಚಾಟ್‌ಬಾಟ್ ಜೊತೆ ಕೂತು ಏಳು ಅಧ್ಯಾಯದ ಪಟ್ಟಿ ಮಾಡಿದೆ: ಪೀಠಿಕೆ, ಕೆರೆಗಳ ಪರಿಚಯ, ಏರಿ-ತೂಬು-ಕೋಡಿ ಸ್ಥಿತಿ, ಹೂಳು, ಒತ್ತುವರಿ, ಅಚ್ಚುಕಟ್ಟು, ಶಿಫಾರಸು. ಆಮೇಲೆ ಅದೇ ಚಾಟ್‌ನಲ್ಲಿ ಒಂದೊಂದೇ ಅಧ್ಯಾಯ ಬರೆಸುತ್ತಾ ಹೋದೆ. ಮೂರನೆಯದರ ತನಕ ಚೆನ್ನಾಗಿತ್ತು. ನಾಲ್ಕರಿಂದ ತೊಂದರೆ ಶುರುವಾಯಿತು.

ಕೋಡಿ ಅಂತ ನಾನು ಬರೆದದ್ದು ಒಂದು ಕಡೆ "ಹೊರಹರಿವು ದ್ವಾರ" ಆಗಿದೆ, ಇನ್ನೊಂದು ಕಡೆ "ಹೆಚ್ಚುವರಿ ನೀರಿನ ಮಾರ್ಗ". ಹೊಸಕೆರೆಯ ವಿಸ್ತೀರ್ಣ 2ನೇ ಅಧ್ಯಾಯದಲ್ಲಿ 12.30 ಎಕರೆ, 6ರಲ್ಲಿ 12.75 ಎಕರೆ. ಪ್ರತಿ ಅಧ್ಯಾಯವೂ "ಕೆರೆಗಳು ಗ್ರಾಮೀಣ ಬದುಕಿನ ಜೀವನಾಡಿ" ಅಂತಲೇ ಶುರುವಾಗಿ "ಒಟ್ಟಾರೆಯಾಗಿ" ಅಂತಲೇ ಮುಗಿಯುತ್ತದೆ. ಇದೆಲ್ಲಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. 5ನೇ ಅಧ್ಯಾಯದಲ್ಲಿ ಒಂದು ಪದ ತಿದ್ದು ಅಂದರೆ ಇಡೀ ಅಧ್ಯಾಯ ಹೊಸದಾಗಿ ಬರೆಯಿತು. ರಾಜಕಾಲುವೆ ಒತ್ತುವರಿಯ ಒಂದು ಪ್ಯಾರಾ ಆ ತಿದ್ದುಪಡಿಯಲ್ಲಿ ಮಾಯವಾಗಿತ್ತು. ಎಲ್ಲಿ ಹಿಡಿತ ತಪ್ಪುತ್ತಿದೆ?

ಬೈಟುಕಾಫಿ

ಚಾಟ್ ಉದ್ದ ಆಗಿದೆ ಅಷ್ಟೇ. ಅದಕ್ಕೆ ಹಳೆಯದು ನೆನಪಿಲ್ಲ. ದುಡ್ಡು ಕೊಟ್ಟು ದೊಡ್ಡ ಪ್ಲಾನ್ ತಗೊಳ್ಳಿ, 9 ಕೆರೆಯ ಫೈಲುಗಳನ್ನು ಒಂದೇ ಸಲ ಹಾಕಿ, 40 ಪುಟ ಒಟ್ಟಿಗೆ ಕೇಳಿ. ಒಂದೇ ಉಸಿರಿನಲ್ಲಿ ಬರೆದರೆ ವ್ಯತ್ಯಾಸ ಬರೋದಿಲ್ಲ.

ಮೂರನೇಕರಡು

ಬೈಟುಕಾಫಿ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಚಾಟ್‌ಬಾಟ್ ಒಂದು ಸಲಕ್ಕೆ ನೋಡಬಲ್ಲ ಪಠ್ಯಕ್ಕೆ ಮಿತಿ ಇದೆ. ಅದು ಪಠ್ಯವನ್ನು ಟೋಕನ್ ಅನ್ನುವ ಸಣ್ಣ ತುಣುಕುಗಳಾಗಿ ಒಡೆದು ಓದುತ್ತದೆ. ಕನ್ನಡದಲ್ಲಿ ಬರೆದರೆ ಅದೇ ಮಾತಿಗೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಖರ್ಚಾಗುತ್ತದೆ, ಹಾಗಾಗಿ ಆ ಮಿತಿ ಬೇಗ ಮುಟ್ಟುತ್ತದೆ. ಆದರೆ 40 ಪುಟ ಒಟ್ಟಿಗೆ ಕೇಳಿದರೆ ಅದು ಕೊಡುವುದಿಲ್ಲ. ಒಂದು ಉತ್ತರದ ಉದ್ದಕ್ಕೂ ಮಿತಿ ಇರುವುದರಿಂದ ಎಲ್ಲವನ್ನೂ ತೆಳ್ಳಗೆ ಮಾಡಿ ಸಾರಾಂಶದ ಹಾಗೆ ಬರೆದುಬಿಡುತ್ತದೆ. ಒಂಬತ್ತು ಕೆರೆಗೂ ಎರಡೆರಡು ವಾಕ್ಯ ಸಿಗುತ್ತದೆ, ಅಳತೆ ಹೋಗಿರುತ್ತದೆ.

ಕೆರೆದಂಡೆ ಅವರೇ, ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣ ಇದೆ. ಅದೇ ಚಾಟ್‌ನಲ್ಲಿ ಮುಂದುವರಿದಾಗ ಚಾಟ್‌ಬಾಟ್ ನಿಮ್ಮ ಮೂಲ ಟಿಪ್ಪಣಿಯ ಜೊತೆಗೆ ತಾನೇ ಬರೆದ ಹಿಂದಿನ ಅಧ್ಯಾಯಗಳನ್ನೂ ಆಧಾರ ಅಂತ ತೆಗೆದುಕೊಳ್ಳುತ್ತದೆ. ಒಮ್ಮೆ ನುಸುಳಿದ "ಹೊರಹರಿವು ದ್ವಾರ" ಆಮೇಲೆ ಮತ್ತೆ ಮತ್ತೆ ಬರುತ್ತದೆ.

ಪಟ್ಟಿಯಲ್ಲಿ ಬರೀ ಶೀರ್ಷಿಕೆ ಇದೆ ಅಲ್ವಾ? "ಹೂಳು" ಅಂತ ಒಂದೇ ಪದ ಕೊಟ್ಟರೆ ಅದು ಹೂಳಿನ ಬಗ್ಗೆ ಒಂದು ಪ್ರಬಂಧ ಬರೆಯುತ್ತದೆ. ಪ್ರಬಂಧಕ್ಕೆ ಪೀಠಿಕೆ, ಮುಕ್ತಾಯ ಎರಡೂ ಇರುತ್ತವೆ. ಜೀವನಾಡಿ ಬರುವುದು ಅಲ್ಲಿಂದ. ಪ್ರತಿ ಅಧ್ಯಾಯಕ್ಕೂ ಅದರ ಕೆಲಸ ಏನು ಅಂತ ಬರೆದುಕೊಡಿ. ನಾಲ್ಕನೆಯದಕ್ಕೆ ಹೀಗೆ:

```
4. ಹೂಳು
ಪ್ರಶ್ನೆ: ಯಾವ ಕೆರೆಯ ಹೂಳು ಮೊದಲು ತೆಗೆಯಬೇಕು, ಯಾಕೆ?
ಆಧಾರ: ಹೂಳಿನ ಆಳದ ಹಾಳೆ, 9 ಸಾಲು
ಇಲ್ಲಿ ಬೇಡ: ಒತ್ತುವರಿ (5), ಪರಿಹಾರ (7)
ಉದ್ದ: ಸುಮಾರು 700 ಪದ
```

"ಇಲ್ಲಿ ಬೇಡ" ಅನ್ನುವ ಸಾಲನ್ನು ಬಿಡಬೇಡಿ. ಒಂದೇ ವಿಷಯ ಮೂರು ಅಧ್ಯಾಯದಲ್ಲಿ ಮೂರು ಥರ ಬರುವುದನ್ನು ತಡೆಯುವುದು ಅದೇ.

ಎರಡನೆಯದು, ಒಂದು ಆಧಾರ ಹಾಳೆ ಮಾಡಿ. ಒಂದೂವರೆ ಪುಟ ಸಾಕು. ಕೆರೆಗಳ ಹೆಸರು ನೀವು ಬರೆಯುವ ಕಾಗುಣಿತದಲ್ಲೇ ಇರಲಿ, ಪ್ರತಿ ಕೆರೆಯ ಮುಖ್ಯ ಅಂಕಿಗಳು ಇರಲಿ, ಪದಗಳ ಪಟ್ಟಿ ಇರಲಿ. "ಕೋಡಿ ಅಂತಲೇ ಬರಿ, ಬೇರೆ ಪದ ಬೇಡ" ಅಂತ ನೇರವಾಗಿ ಬರೆಯಿರಿ. ಇದನ್ನು ನೀವೇ ಟೈಪ್ ಮಾಡಿ, ಚಾಟ್‌ಬಾಟ್ ಕೈಯಲ್ಲಿ ಮಾಡಿಸಬೇಡಿ.

ಇನ್ನು ಪ್ರತಿ ಅಧ್ಯಾಯಕ್ಕೂ ಹೊಸ ಚಾಟ್ ತೆರೆಯಿರಿ. ಅದಕ್ಕೆ ಇಡೀ ಪಟ್ಟಿ, ಆಧಾರ ಹಾಳೆ, ಆ ಅಧ್ಯಾಯದ ಮೂಲ ಟಿಪ್ಪಣಿ, ಹಿಂದಿನ ಅಧ್ಯಾಯದ ಕೊನೆಯ ಪ್ಯಾರಾ ಹಾಕಿ. ಕೊನೆಯ ಪ್ಯಾರಾ ಧಾಟಿ ಹೊಂದುವುದಕ್ಕೆ. ಕೆಳಗೆ ಈ ಸೂಚನೆ ಸೇರಿಸಿ:

```
4ನೇ ಅಧ್ಯಾಯ ಮಾತ್ರ ಬರಿ. ಪೀಠಿಕೆ, ಮುಕ್ತಾಯ ಬೇಡ.
ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬಾ.
ಟಿಪ್ಪಣಿಯಲ್ಲಿ ಇಲ್ಲದ ಅಂಕಿ ಬೇಕಾದರೆ [ಮಾಹಿತಿ ಇಲ್ಲ] ಅಂತ ಹಾಕು.
```

ಮೂರನೇ ಸಾಲು ಇಲ್ಲದಿದ್ದರೆ ಅಳೆಯದೇ ಬಿಟ್ಟ ಕೆರೆಗೂ ಹೂಳಿನ ಆಳ ಬಂದುಬಿಡಬಹುದು. ಆ ಅಂಕಿ ನೋಡುವುದಕ್ಕೆ ನಿಜವಾದ ಅಳತೆಯ ಹಾಗೇ ಇರುತ್ತದೆ, ಹಿಡಿಯುವುದು ಕಷ್ಟ.

ಎಂಎ_ಕೊನೇಸೆಮ್

ನನಗೂ ಇದೇ ಸಮಸ್ಯೆ! ಫಾಂಟ್‌ದು ಅಲ್ವಾ? ನಮ್ಮ ವಿಭಾಗದ ಹಳೇ ವರದಿಗಳು ನುಡಿ ತಂತ್ರಾಂಶದಲ್ಲಿ ಟೈಪ್ ಆಗಿವೆ. ಚಾಟ್‌ಬಾಟ್‌ಗೆ ಅಂಟಿಸಿದರೆ `PÉgÉ` ಅಂತ ಏನೇನೋ ಕಾಣುತ್ತದೆ. ಆದರೂ ಅದು ಉತ್ತರ ಕೊಡುತ್ತದೆ, ಆದರೆ ಹೆಸರುಗಳೆಲ್ಲ ತಪ್ಪು.

ಮೂರನೇಕರಡು

ಅವರದು ಫಾಂಟ್ ಸಮಸ್ಯೆ ಅಲ್ಲ. ನಿಮ್ಮದು ಹೌದು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ `PÉgÉ` ಅಂದರೆ "ಕೆರೆ". ಚಾಟ್‌ಬಾಟ್ ಅದನ್ನು ಊಹೆ ಮಾಡಿ ಓದುತ್ತದೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಮೊದಲು ಹಾಕಿ. ಬಂದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಂದ ನೋಡಿ. ಆಮೇಲೆ ಚಾಟ್‌ಬಾಟ್‌ಗೆ ಕೊಡಿ.

ಸರಪಳಿ

ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಚಾಟ್‌ಬಾಟ್ ನನಗೆ ಗೊತ್ತಿಲ್ಲ. ಆದರೆ ಆ 12.30 ಮತ್ತು 12.75 ನೋಡಿ ಸುಮ್ನೆ ಇರಲಾಗಲಿಲ್ಲ. ತಂಗೀ, ಅವೆರಡೂ ಒಂದೇ ಜಮೀನು.

ಪಹಣಿಯಲ್ಲಿ 12.30 ಅಂದರೆ 12 ಎಕರೆ 30 ಗುಂಟೆ. 40 ಗುಂಟೆಗೆ ಒಂದು ಎಕರೆ. 30 ಗುಂಟೆ ಅಂದರೆ ಮುಕ್ಕಾಲು ಎಕರೆ, ಅಂದರೆ ದಶಮಾಂಶದಲ್ಲಿ 12.75. ನಿಮ್ಮ ಯಂತ್ರ ಒಂದು ಅಧ್ಯಾಯದಲ್ಲಿ ಪಹಣಿಯ ಚುಕ್ಕೆಯನ್ನು ದಶಮಾಂಶ ಅಂದುಕೊಂಡಿದೆ, ಇನ್ನೊಂದರಲ್ಲಿ ಗುಂಟೆ ಅಂತ ಸರಿಯಾಗಿ ಹಿಡಿದಿದೆ. ಹೆಕ್ಟೇರ್‌ಗೆ ಬದಲಿಸಿದ್ದರೆ ಅಲ್ಲೂ ನೋಡಿ. 12.75 ಎಕರೆಗೆ 5.16 ಹೆಕ್ಟೇರ್ ಬರಬೇಕು. 4.98 ಅಂತ ಇದ್ದರೆ ಅದು ತಪ್ಪು ಲೆಕ್ಕ.

ಕೂಡಿದ್ದರೆ ಇನ್ನೂ ಕೆಡುತ್ತದೆ. 12 ಎಕರೆ 30 ಗುಂಟೆಗೆ 8 ಎಕರೆ 25 ಗುಂಟೆ ಸೇರಿಸಿದರೆ 21 ಎಕರೆ 15 ಗುಂಟೆ. ಚುಕ್ಕೆ ನಂಬಿ ಕೂಡಿದರೆ 20.55 ಬರುತ್ತದೆ. ಗುಂಟೆ 40 ದಾಟುವುದೇ ಇಲ್ಲ, ಹಾಗಾಗಿ ಚುಕ್ಕೆಯ ಆಚೆ 55 ಕಂಡರೆ ಅಲ್ಲೇ ಗೊತ್ತಾಗಬೇಕು.

ಕೆರೆದಂಡೆ

ಸರ್, ತುಂಬಾ ಉಪಕಾರ. 5ನೇ ಅಧ್ಯಾಯದಲ್ಲಿ 4.98 ಹೆಕ್ಟೇರ್ ಅಂತಲೇ ಇದೆ! ಈಗ ಆಧಾರ ಹಾಳೆಯಲ್ಲಿ ಎಲ್ಲ ಕೆರೆಗೂ "12 ಎಕರೆ 30 ಗುಂಟೆ" ಅಂತ ಪದದಲ್ಲಿ ಬರೆದು, ಪಕ್ಕದಲ್ಲಿ ಹೆಕ್ಟೇರನ್ನೂ ಲೆಕ್ಕ ಮಾಡಿ ಇಟ್ಟಿದ್ದೇನೆ. ಮೊತ್ತಗಳನ್ನು ಎಕ್ಸೆಲ್‌ನಲ್ಲೇ ತೆಗೆದೆ. ಎಕ್ಸೆಲ್‌ನಲ್ಲೂ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ.

ಹೊಸ ಚಾಟ್‌ನಲ್ಲಿ 4ನೇ ಅಧ್ಯಾಯ ಮತ್ತೆ ಬರೆಸಿದೆ. ಕೋಡಿ ಕೋಡಿಯಾಗೇ ಉಳಿಯಿತು. ಮೊದಲ ವಾಕ್ಯವೇ "ಅಳೆದ ಕೆರೆಗಳಲ್ಲಿ ಹೂಳು ಜಾಸ್ತಿ ಇರುವುದು ಹೊಸಕೆರೆಯಲ್ಲಿ" ಅಂತ ಬಂತು. ಎರಡು ಕೆರೆಗೆ [ಮಾಹಿತಿ ಇಲ್ಲ] ಬಂದಿದೆ. ನೀರಿದ್ದಾಗ ಹೋಗಿದ್ದರಿಂದ ನಾವು ಅಲ್ಲಿ ಅಳೆಯಲು ಆಗಿರಲಿಲ್ಲ. ಹಳೆಯ ಕರಡಿನಲ್ಲಿ ಅವೆರಡಕ್ಕೂ ಆಳ ಬರೆದಿತ್ತು!

ಹೊಸ ತೊಂದರೆ ಒಂದಿದೆ. 4ರಲ್ಲಿ ಹೊಸಕೆರೆ ಮೊದಲು ಅಂತ ಇದೆ. 7ನೇ ಅಧ್ಯಾಯ ಬರೆಸಿದರೆ ದೊಡ್ಡಕೆರೆಯಿಂದ ಶುರು ಮಾಡಿ ಅನ್ನುತ್ತಿದೆ.

ಮೂರನೇಕರಡು

ಹೊಸ ಚಾಟ್ ತೆರೆದಾಗ ಕಳೆದುಹೋಗುವುದು ಅದೇ. ಅಂಕಿಗಳು ಹಾಳೆಯಲ್ಲಿವೆ, ನೀವು ತಲುಪಿದ ತೀರ್ಮಾನ ಹಾಳೆಯಲ್ಲಿಲ್ಲ. ಪ್ರತಿ ಅಧ್ಯಾಯ ಓದಿ ಒಪ್ಪಿದ ಮೇಲೆ ಆಧಾರ ಹಾಳೆಯ ಕೆಳಗೆ ಎರಡು ಸಾಲು ಸೇರಿಸಿ: "4: ಹೂಳೆತ್ತುವುದಕ್ಕೆ ಹೊಸಕೆರೆ ಮೊದಲು, ತೂಬಿನ ಬಾಯಿ ಮುಚ್ಚಿರುವುದರಿಂದ" ಅಂತ. 7ಕ್ಕೆ ಹೋಗುವಾಗ ಅಲ್ಲಿ ಎಲ್ಲ ತೀರ್ಮಾನವೂ ಇರುತ್ತದೆ. ಪೀಠಿಕೆ, ಸಾರಾಂಶ ಎರಡನ್ನೂ ಕೊನೆಗೆ ಬರೆಯಿರಿ. ಈಗಿನ ಪೀಠಿಕೆ ಇನ್ನೂ ಬರೆಯದ ವರದಿಯ ಬಗ್ಗೆ ಮಾತಾಡುತ್ತಿದೆ.

ತಿದ್ದುವಾಗ ಇಡೀ ಅಧ್ಯಾಯ ಅಂಟಿಸಬೇಡಿ. ಆ ಪ್ಯಾರಾ ಮಾತ್ರ ಕೊಟ್ಟು, ಬಂದದ್ದನ್ನು ನೀವೇ ನಿಮ್ಮ ಕಡತದಲ್ಲಿ ಸೇರಿಸಿ. ಪದ ಬದಲಿಸುವುದಕ್ಕಂತೂ ಚಾಟ್‌ಬಾಟ್ ಬೇಡವೇ ಬೇಡ, ವರ್ಡ್‌ನಲ್ಲಿ ಹುಡುಕಿ ಬದಲಿಸಿ. ಅಸಲಿ ವರದಿ ನಿಮ್ಮ ಕಡತದಲ್ಲಿರಲಿ, ಚಾಟ್‌ನಲ್ಲಿ ಅಲ್ಲ.

ಬೈಟುಕಾಫಿ

ಸರಿ, ಒಟ್ಟಿಗೆ ಬರೆಸುವ ಮಾತು ಬಿಟ್ಟೆ. ಆದರೆ ಮುಗಿದ 40 ಪುಟವನ್ನು ಒಟ್ಟಿಗೆ ಓದಿಸಬಹುದಲ್ಲ? ಪರಿಶೀಲನೆಯನ್ನು ಅದೇ ಮಾಡಲಿ.

ಮೂರನೇಕರಡು

ಅದಕ್ಕೆ ದೊಡ್ಡ ಪ್ಲಾನ್ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ "ತಪ್ಪಿದ್ದರೆ ಸರಿಮಾಡು" ಅನ್ನಬಾರದು, ಮತ್ತೆ ಎಲ್ಲ ಬರೆದುಬಿಡುತ್ತದೆ. "ಒಂದಕ್ಕೊಂದು ಹೊಂದದ ವಾಕ್ಯಗಳನ್ನು ಜೋಡಿಯಾಗಿ, ಅಧ್ಯಾಯದ ಸಂಖ್ಯೆ ಸಮೇತ ಎತ್ತಿ ತೋರಿಸು, ತಿದ್ದಬೇಡ" ಅನ್ನಿ. ಪ್ರತಿ ಅಧ್ಯಾಯದ ಅಂಕಿಗಳನ್ನೂ ಬೇರೆಯಾಗಿ ಕೋಷ್ಟಕ ಮಾಡಿಸಿ: ಕೆರೆ, ಅಂಕಿ, ಅಳತೆಯ ಘಟಕ, ಅದು ಬಂದ ವಾಕ್ಯ. ಆ ಕೋಷ್ಟಕವನ್ನು ಆಧಾರ ಹಾಳೆಯ ಪಕ್ಕ ಇಟ್ಟು ನೀವು ನೋಡಿ. ಇಲ್ಲದ ತಪ್ಪನ್ನು ಅದು ತೋರಿಸುವುದೂ ಉಂಟು, ಇರುವುದನ್ನು ಬಿಡುವುದೂ ಉಂಟು.

ಸರಪಳಿ

ನಾವು ಆಗ ಒಬ್ಬರು ಜೋರಾಗಿ ಓದುತ್ತಿದ್ದೆವು, ಇನ್ನೊಬ್ಬರು ಮೂಲ ಪುಸ್ತಕ ಹಿಡಿದು ಗೀಟು ಹಾಕುತ್ತಿದ್ದರು. 40 ಪುಟಕ್ಕೆ ಒಂದು ಸಂಜೆ. ಯಂತ್ರ ತೋರಿಸಿದ ಕೋಷ್ಟಕದಲ್ಲಿ ಒಂದು ಸಾಲು ಬಿಟ್ಟುಹೋದರೆ ನಿಮಗೆ ಹೇಗೆ ತಿಳಿಯುತ್ತದೆ? ಅಂಕಿಗಳ ಮಟ್ಟಿಗೆ ನಾನು ಆ ಕೋಷ್ಟಕ ಒಪ್ಪುವುದಿಲ್ಲ.

ಮೂರನೇಕರಡು

ಸಮಯ ಇದ್ದರೆ ನಿಮ್ಮ ದಾರಿಯೇ ಗಟ್ಟಿ. ಒಬ್ಬರೇ ಇದ್ದಾಗ ನಾನು ಕೋಷ್ಟಕವನ್ನೇ ನೆಚ್ಚಿಕೊಳ್ಳುತ್ತೇನೆ, ಅಧ್ಯಾಯದಲ್ಲಿರುವ ಅಂಕಿಗಳನ್ನು ಎಣಿಸಿ ಸಾಲುಗಳ ಸಂಖ್ಯೆಗೆ ತಾಳೆ ನೋಡುತ್ತೇನೆ.

ಇನ್ನೊಂದು ಮಾತು, ಕೆರೆದಂಡೆ ಅವರೇ. ಒತ್ತುವರಿ ಟಿಪ್ಪಣಿಯಲ್ಲಿ ರೈತರ ಹೆಸರು, ಫೋನ್ ನಂಬರ್ ಇದ್ದರೆ ಚಾಟ್‌ಗೆ ಹಾಕುವ ಮೊದಲು ತೆಗೆಯಿರಿ. "ರೈತ ಅ", "ರೈತ ಆ" ಅಂತ ಬರೆಸಿ, ಕೊನೆಗೆ ನಿಮ್ಮ ಕಡತದಲ್ಲಿ ಬದಲಿಸಿಕೊಳ್ಳಬಹುದು.

ಕೆರೆದಂಡೆ

ಹೆಸರುಗಳು ಇದ್ದವು, ತೆಗೆಯುತ್ತಿದ್ದೇನೆ. ಅಂಕಿಗಳನ್ನು ಭಾನುವಾರ ನಾವಿಬ್ಬರು ಕೂತು ಸರಪಳಿ ಸರ್ ಹೇಳಿದ ಹಾಗೆ ಓದುತ್ತೇವೆ, ಹೊಂದದ ವಾಕ್ಯಗಳಿಗೆ ಚಾಟ್‌ಬಾಟ್ ಎತ್ತಿ ತೋರಿಸುವ ಜೋಡಿಗಳು ಸಾಕು. ಒಂದು ಪ್ರಶ್ನೆ ಉಳಿದಿದೆ. 2ನೇ ಅಧ್ಯಾಯದಲ್ಲಿ ಒಂಬತ್ತು ಕೆರೆಯ ಪರಿಚಯವೂ ಒಂದೇ ಅಚ್ಚಿನಲ್ಲಿ ಬಂದಿದೆ, "ಈ ಕೆರೆಯು ಗ್ರಾಮದ ಪೂರ್ವಕ್ಕಿದ್ದು" ಅಂತ ಶುರುವಾಗಿ. ಒಂದೇ ರೀತಿ ಇದ್ದರೆ ಹೋಲಿಸಿ ಓದಲು ಸುಲಭ ಅಂತ ನಮ್ಮಲ್ಲಿ ಒಬ್ಬರ ವಾದ. ನನಗೆ ಓದಿದರೆ ಯಾವ ಕೆರೆಯೂ ಕಣ್ಣಿಗೆ ಕಟ್ಟುವುದಿಲ್ಲ.

ಮೂರನೇಕರಡು

ಹೋಲಿಸಬೇಕಾದದ್ದನ್ನೆಲ್ಲ ಒಂದು ಕೋಷ್ಟಕಕ್ಕೆ ಹಾಕಿಬಿಡಿ. ಉಳಿದ ಪರಿಚಯ ನೀವು ಏರಿಯ ಮೇಲೆ ನಿಂತು ಬರೆದುಕೊಂಡ ಟಿಪ್ಪಣಿಯಿಂದ ನೀವೇ ಬರೆದರೆ ಚೆನ್ನ. ಒಂದೊಂದು ಕೆರೆಗೆ ನಾಲ್ಕು ವಾಕ್ಯ ಸಾಕು.